ನವೆಂಬರ್ 22 ಮತ್ತು 23ರ ಬುಕ್ ಬೈಂಡಿಂಗ್ ಕಾರ್ಯಾಗಾರ ರದ್ದು: ನಿಮ್ಮ ಹಣ ಯಾವಾಗ, ಹೇಗೆ ವಾಪಸ್ ಬರುತ್ತದೆ

ನವೆಂಬರ್ 13, ಗುರುವಾರ

ಹೆಸರು ನೋಂದಾಯಿಸಿದ ಎಲ್ಲರಿಗೂ ನಮಸ್ಕಾರ.

ನವೆಂಬರ್ 22 ಮತ್ತು 23, ಶನಿವಾರ ಮತ್ತು ಭಾನುವಾರ ನಡೆಯಬೇಕಿದ್ದ ಕೈಯಿಂದ ಪುಸ್ತಕ ಬೈಂಡ್ ಮಾಡುವ ಕಾರ್ಯಾಗಾರವನ್ನು ರದ್ದು ಮಾಡಿದ್ದೇವೆ. ಕನಿಷ್ಠ 12 ಜನ ಬೇಕಿತ್ತು. ನಿನ್ನೆ ಸಂಜೆ ನೋಂದಣಿ ಮುಗಿದಾಗ 7 ಜನ ಇದ್ದರು. ನೀವು ಕಟ್ಟಿದ ಹಣ ಪೂರ್ತಿ ವಾಪಸ್ ಬರುತ್ತದೆ. ಒಂದು ಪೈಸೆಯನ್ನೂ ಹಿಡಿದುಕೊಳ್ಳುವುದಿಲ್ಲ. ಅದಕ್ಕಾಗಿ ನೀವು ಅರ್ಜಿ ಬರೆಯುವುದೂ ಬೇಡ.

ರಜೆ ಹಾಕಿಕೊಂಡು, ಮನೆಯಲ್ಲಿ ಹೇಳಿಟ್ಟು ಕಾಯುತ್ತಿದ್ದವರು ನಿಮ್ಮಲ್ಲಿ ಇದ್ದೀರಿ. ನಿಮಗೆ ಬೇಸರವಾಗುವುದು ಸಹಜ. ದಯವಿಟ್ಟು ಕ್ಷಮಿಸಿ.

ಏಳು ಜನರಿಗೇ ನಡೆಸಬಹುದಿತ್ತಲ್ಲ?

ವಿಷಯ ತಿಳಿಸಲು ಫೋನ್ ಮಾಡಿದಾಗ ಮೂವರು ಇದನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ನಿನ್ನೆ ರಾತ್ರಿ ನಾವೂ ಇದರ ಮೇಲೆಯೇ ಜಾಸ್ತಿ ಹೊತ್ತು ಕಳೆದೆವು.

ಈ ಕಾರ್ಯಾಗಾರದ ಖರ್ಚು ಜನ ಕಡಿಮೆಯಾದರೆ ಕಡಿಮೆಯಾಗುವಂಥದ್ದಲ್ಲ. ಹಾಲ್ ಬಾಡಿಗೆ, ಕಲಿಸುವವರ ಮತ್ತು ಅವರ ಸಹಾಯಕರ ಸಂಭಾವನೆ, ಪ್ರೆಸ್‌ಗಳ ಬಾಡಿಗೆ, ಇವೆಲ್ಲ ಏಳು ಜನ ಬಂದರೂ ಅಷ್ಟೇ, ಹದಿನಾರು ಜನ ಬಂದರೂ ಅಷ್ಟೇ. ಕಾಗದದ ಕಥೆಯೂ ಅದೇ. ಕಾಗದಕ್ಕೆ ಒಂದು ನಾರಿನ ದಿಕ್ಕು ಇರುತ್ತದೆ. ಅದು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. ಇಲ್ಲದಿದ್ದರೆ ಹಾಳೆ ಸರಿಯಾಗಿ ಮಡಚುವುದಿಲ್ಲ, ಅಂಟು ಹಚ್ಚಿದಾಗ ಪುಟಗಳು ಅಲೆಅಲೆಯಾಗಿ ಏಳುತ್ತವೆ. ಅದಕ್ಕೇ ದಿಕ್ಕು ನೋಡಿ ಕತ್ತರಿಸಿಕೊಡುವವರ ಹತ್ತಿರ ತರಿಸುತ್ತೇವೆ. ಅವರು ಕೊಡುವುದು ರೀಮ್ ಲೆಕ್ಕದಲ್ಲಿ, ಅಂದರೆ 500 ಹಾಳೆ. ಅದಕ್ಕಿಂತ ಕಡಿಮೆಗೆ ಮಿಷನ್ ಹಾಕುವುದಿಲ್ಲ.

ಹಾಗಾದರೆ ಎರಡು ದಿನದ್ದನ್ನು ಒಂದೇ ದಿನಕ್ಕೆ ಇಳಿಸಿದರೆ? ಬಾಡಿಗೆ ಉಳಿಯುತ್ತಿತ್ತು, ನಿಜ. ಆದರೆ ಹೊಲಿದ ಪುಸ್ತಕಕ್ಕೆ ರಟ್ಟು ಅಂಟಿಸಿದ ಮೇಲೆ ಅದು ಒಂದು ರಾತ್ರಿಯಾದರೂ ಪ್ರೆಸ್‌ನಲ್ಲಿ ತೂಕದ ಕೆಳಗೆ ಒಣಗಬೇಕು. ಅವಸರದಲ್ಲಿ ತೆಗೆದರೆ ರಟ್ಟು ಬಿಲ್ಲಿನ ಹಾಗೆ ಬಾಗುತ್ತದೆ. ನಿಮ್ಮ ಕೈಗೆ ಸೊಟ್ಟ ಪುಸ್ತಕ ಕೊಟ್ಟು ಕಳಿಸಲು ನಮಗೆ ಮನಸ್ಸಿರಲಿಲ್ಲ.

ಉಳಿದ ಖರ್ಚನ್ನು ನಿಮ್ಮ ಏಳು ಜನರ ಮೇಲೆ ಹಂಚುವ ಮಾತೂ ಬಂತು. ಒಂದು ಶುಲ್ಕ ಹೇಳಿ, ಆಮೇಲೆ ಇನ್ನಷ್ಟು ಕೊಡಿ ಅನ್ನುವುದು ಸರಿಯಲ್ಲ ಅಂತ ಬಿಟ್ಟೆವು.

ಜನ ಯಾಕೆ ಬರಲಿಲ್ಲ ಅನ್ನುವುದಕ್ಕೆ ನಮ್ಮ ಪಾಲೂ ಇದೆ. ಪ್ರಕಟಣೆ ಹೊರಡಿಸಿದ್ದು ಕೇವಲ ಮೂರು ವಾರ ಮೊದಲು. ಎರಡು ಪೂರ್ತಿ ದಿನ ಬಿಡುವು ಮಾಡಿಕೊಳ್ಳಲು ಅದು ಸಾಲದು. ಇನ್ನೊಂದು ತಪ್ಪು: 12 ಜನ ಆಗದಿದ್ದರೆ ರದ್ದಾಗಬಹುದು ಎಂಬ ಷರತ್ತು ನೋಂದಣಿ ಫಾರಂನ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ ಇತ್ತು. ಅದು ಶುಲ್ಕದ ಪಕ್ಕದಲ್ಲೇ ಎದ್ದು ಕಾಣಬೇಕಿತ್ತು. ನಿಮ್ಮಲ್ಲಿ ಹಲವರು ಅದನ್ನು ನೋಡಿಯೇ ಇರಲಿಲ್ಲ. ತಪ್ಪು ನಿಮ್ಮದಲ್ಲ.

ಹಣ ವಾಪಸಾತಿ

ಹಣ ಕಟ್ಟಿದ ದಾರಿಯಲ್ಲೇ ವಾಪಸ್ ಬರುತ್ತದೆ. ಯಾರ ಹೆಸರಿನಿಂದ ಬಂತೋ ಅವರಿಗೇ ಹೋಗುತ್ತದೆ. ತಂಗಿಯ ಕಾರ್ಡ್‌ನಿಂದ ಕಟ್ಟಿದ್ದರೆ ತಂಗಿಯ ಕಾರ್ಡ್‌ಗೇ ಬರುತ್ತದೆ, ಅವರಿಗೂ ಒಂದು ಮಾತು ಹೇಳಿಡಿ.

*ಕಾರ್ಡ್‌ನಿಂದ ಕಟ್ಟಿದ ನಾಲ್ವರಿಗೆ:* ನಾಳೆ, ನವೆಂಬರ್ 14ರಿಂದ ಶುರುಮಾಡಿ 18ರ ಮಂಗಳವಾರ ಸಂಜೆಯೊಳಗೆ ನಮ್ಮ ಕಡೆಯಿಂದ ಹಣ ಹೊರಡುತ್ತದೆ. ಹೊರಟ ದಿನವೇ ನಿಮಗೆ ಇಮೇಲ್ ಬರುತ್ತದೆ. ಅಲ್ಲಿಂದ ನಿಮ್ಮ ಖಾತೆಯಲ್ಲಿ ಕಾಣಿಸಲು 5ರಿಂದ 10 ಕೆಲಸದ ದಿನ ಹಿಡಿಯಬಹುದು. ಅಂದರೆ ತಡವಾದರೂ ಡಿಸೆಂಬರ್ 2ರೊಳಗೆ. ಕಟ್ಟುವಾಗ ಕ್ಷಣದಲ್ಲಿ ಹೋದ ಹಣ ಬರುವಾಗ ಯಾಕೆ ಇಷ್ಟು ನಿಧಾನ ಅಂತ ಅನ್ನಿಸುತ್ತದೆ ಅಲ್ವಾ? ಕಟ್ಟುವಾಗ ಆ ಕ್ಷಣ ಆಗುವುದು ಒಪ್ಪಿಗೆ ಮಾತ್ರ, ಹಣದ ಲೆಕ್ಕ ಚುಕ್ತಾ ಆಗುವುದು ಆಮೇಲೆ. ವಾಪಸ್ ಬರುವಾಗ ನಾವು ಕಳಿಸಿದ್ದು ಪೇಮೆಂಟ್ ಕಂಪನಿ, ಕಾರ್ಡ್ ಜಾಲ, ನಿಮ್ಮ ಬ್ಯಾಂಕ್ ಹೀಗೆ ಮೂರು ಕೈ ದಾಟಬೇಕು. ಕೊನೆಯ ಕೈ ನಿಮ್ಮ ಬ್ಯಾಂಕ್‌ನದು. ಅದು ಯಾವಾಗ ಜಮಾ ಮಾಡುತ್ತದೆ ಅನ್ನುವುದು ನಮ್ಮ ಹಿಡಿತದಲ್ಲಿಲ್ಲ.

ಸ್ಟೇಟ್‌ಮೆಂಟ್ ನೋಡುವಾಗ ಸ್ವಲ್ಪ ಹಿಂದಿನ ಸಾಲುಗಳನ್ನೂ ನೋಡಿ. ಕೆಲವು ಬ್ಯಾಂಕ್‌ಗಳು ವಾಪಸ್ ಬಂದ ಹಣವನ್ನು ನೀವು ಕಟ್ಟಿದ ಹಳೆಯ ತಾರೀಖಿನ ಜೊತೆಗೇ ತೋರಿಸುತ್ತವೆ. ನಮ್ಮ ಹೆಸರಿನ ಬದಲು ಪೇಮೆಂಟ್ ಕಂಪನಿಯ ಹೆಸರೂ ಇರಬಹುದು. ಕ್ರೆಡಿಟ್ ಕಾರ್ಡ್ ಇರುವವರಿಗೆ ಇನ್ನೊಂದು ಮಾತು. ಬಂದ ಹಣ ನಿಮ್ಮ ಬಾಕಿಯಿಂದ ಕಳೆಯುತ್ತದೆ, ಆದರೆ ಸಾಮಾನ್ಯವಾಗಿ ಬ್ಯಾಂಕ್‌ಗಳು ಅದನ್ನು ನೀವು ಕಟ್ಟಿದ ಕಂತು ಅಂತ ಪರಿಗಣಿಸುವುದಿಲ್ಲ. ಈ ತಿಂಗಳ ಬಿಲ್ ಎಂದಿನಂತೆ ಸಮಯಕ್ಕೆ ಕಟ್ಟಿಬಿಡಿ. ನಮ್ಮ ಕಾರಣಕ್ಕೆ ನಿಮಗೆ ದಂಡ ಬೀಳುವುದು ಬೇಡ.

ಕಾರ್ಡ್ ಕಳೆದುಹೋಗಿ ಅದೇ ಬ್ಯಾಂಕ್‌ನ ಹೊಸ ಕಾರ್ಡ್ ಬಂದಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಖಾತೆಯನ್ನೇ ಮುಚ್ಚಿದ್ದರೆ ಮಾತ್ರ ನಾಳೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ, ನಿಮ್ಮ ಹಣವನ್ನು ತಡೆಹಿಡಿದು ಬೇರೆ ದಾರಿಯಲ್ಲಿ ಕಳಿಸುತ್ತೇವೆ. ಒಬ್ಬರು ಹೊರದೇಶದ ಕಾರ್ಡ್‌ನಿಂದ ಕಟ್ಟಿದ್ದೀರಿ. ನಾವು ಪಡೆದಷ್ಟನ್ನೇ ಕಳಿಸುತ್ತೇವೆ. ಆದರೆ ವಿನಿಮಯ ದರ ಬದಲಾಗಿದ್ದರೆ ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಮೊತ್ತ ಸ್ವಲ್ಪ ಆಚೀಚೆ ಆಗಬಹುದು. ತೀರಾ ಕಡಿಮೆ ಬಂದಿದೆ ಅನ್ನಿಸಿದರೆ ನಮಗೆ ಬರೆಯಿರಿ.

*ಬ್ಯಾಂಕ್ ವರ್ಗಾವಣೆ ಮಾಡಿದ ಇಬ್ಬರಿಗೆ:* ಹಣ ಕಳಿಸಿದ ಖಾತೆಯ ವಿವರ ನಮ್ಮ ಬಳಿ ಪೂರ್ತಿ ಇಲ್ಲ. ನಿಮಗೆ ಪ್ರತ್ಯೇಕ ಇಮೇಲ್ ಬಂದಿರುತ್ತದೆ. ಖಾತೆಯ ನಂಬರ್, ಖಾತೆಯಲ್ಲಿ ಇರುವ ಹಾಗೇ ಹೆಸರು, ಬ್ಯಾಂಕ್ ಮತ್ತು ಶಾಖೆ, ಇಷ್ಟನ್ನು ನವೆಂಬರ್ 17ರ ಸೋಮವಾರದೊಳಗೆ ಉತ್ತರಿಸಿ. 19ಕ್ಕೆ ಕಳಿಸುತ್ತೇವೆ, 21ರ ಶುಕ್ರವಾರದೊಳಗೆ ನಿಮ್ಮ ಖಾತೆಯಲ್ಲಿ ಇರಬೇಕು. ವಿವರ ತಡವಾಗಿ ಬಂದರೆ, ಬಂದ ದಿನದಿಂದ ನಾಲ್ಕು ಕೆಲಸದ ದಿನ ಅಂತ ಲೆಕ್ಕ ಇಟ್ಟುಕೊಳ್ಳಿ.

*ನಗದು ಕೊಟ್ಟ ಒಬ್ಬರಿಗೆ:* ನವೆಂಬರ್ 17ರಿಂದ ಯಾವ ಕೆಲಸದ ದಿನವಾದರೂ ಬೆಳಿಗ್ಗೆ 10ರಿಂದ ಸಂಜೆ 5ರೊಳಗೆ ನಮ್ಮ ಕಚೇರಿಗೆ ಬನ್ನಿ. ರಸೀದಿ ತನ್ನಿ. ಕಳೆದುಹೋಗಿದ್ದರೆ ನಿಮ್ಮ ಗುರುತಿನ ಚೀಟಿ ಸಾಕು, ನಮ್ಮ ಪುಸ್ತಕದಲ್ಲಿ ನಕಲು ಇದೆ. ಬರಲು ಆಗದಿದ್ದರೆ ಖಾತೆಯ ವಿವರ ಕೊಡಿ, ಅಲ್ಲಿಗೇ ಹಾಕುತ್ತೇವೆ.

ಮುಂಗಡ ನೋಂದಣಿಯ ರಿಯಾಯಿತಿ ಪಡೆದವರಿಗೆ ನಿಜವಾಗಿ ಕಟ್ಟಿದಷ್ಟು ಬರುತ್ತದೆ. ಕಾರ್ಡ್‌ನಿಂದ ಕಟ್ಟುವಾಗ ಮೇಲೆ ಸೇರಿದ್ದ ಸೇವಾಶುಲ್ಕ ಪೇಮೆಂಟ್ ಕಂಪನಿಯಿಂದ ನಮಗೆ ವಾಪಸ್ ಸಿಗುವುದಿಲ್ಲ. ಆದರೂ ನಿಮಗೆ ಅದನ್ನೂ ಸೇರಿಸಿಯೇ ಕಳಿಸುತ್ತೇವೆ. ಆ ನಷ್ಟ ನಮ್ಮದು.

ಡಿಸೆಂಬರ್ 2 ದಾಟಿದರೂ ಬರದಿದ್ದರೆ

3ನೇ ತಾರೀಖು ನಮಗೆ ಬರೆಯಿರಿ, ಅಥವಾ ರಸೀದಿಯ ಮೇಲಿರುವ ನಂಬರ್‌ಗೆ ಫೋನ್ ಮಾಡಿ. ಪ್ರತಿ ಕಾರ್ಡ್ ವಾಪಸಾತಿಗೂ ಎಆರ್‌ಎನ್ ಎಂಬ 23 ಅಂಕಿಯ ಒಂದು ನಂಬರ್ ಇರುತ್ತದೆ. ಅದನ್ನು ನಿಮಗೆ ತೆಗೆದು ಕೊಡುತ್ತೇವೆ. ಬ್ಯಾಂಕ್‌ನವರಿಗೆ ಸುಮ್ನೆ "ಹಣ ಬಂದಿಲ್ಲ" ಅಂದರೆ ಹುಡುಕುವುದು ಕಷ್ಟ. ಈ ನಂಬರ್ ಕೊಟ್ಟರೆ ಹಣ ಎಲ್ಲಿ ನಿಂತಿದೆ ಅಂತ ಅವರೇ ನೋಡಿ ಹೇಳಬಲ್ಲರು.

ಒಂದು ಎಚ್ಚರಿಕೆ. ಹಣ ವಾಪಸ್ ಪಡೆಯಲು ಪಿನ್, ಒಟಿಪಿ, ಕಾರ್ಡ್‌ನ ಹಿಂದಿನ ಮೂರು ಅಂಕಿ, ಯಾವುದೂ ಬೇಕಾಗಿಲ್ಲ. ಯಾವ ಲಿಂಕ್ ಕೂಡ ಒತ್ತಬೇಕಿಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಇವನ್ನು ಕೇಳಿದರೆ ಅವರು ನಾವಲ್ಲ. ಫೋನ್ ಇಟ್ಟುಬಿಡಿ.

ಪ್ರಯಾಣ ಮತ್ತು ಸಾಮಾನು

ಬೇರೆ ಊರಿನಿಂದ ಬರಲು ಟಿಕೆಟ್ ಮಾಡಿಸಿದವರು ಇದ್ದೀರಿ. ಮೊದಲು ಟಿಕೆಟ್ ರದ್ದು ಮಾಡಿ. ತಡವಾದಷ್ಟೂ ಕಡಿತ ಜಾಸ್ತಿ. ಕಡಿತವಾದ ಹಣದ ರಸೀದಿಯನ್ನು ನವೆಂಬರ್ 24ರೊಳಗೆ ನಮಗೆ ಕಳಿಸಿ, 28ರೊಳಗೆ ಅದನ್ನು ತುಂಬಿಕೊಡುತ್ತೇವೆ. ನೋಂದಣಿ ಖಚಿತವಾದ ಮೇಲೆ ಕೊಂಡ ಟಿಕೆಟ್‌ಗಳಿಗೆ ಮಾತ್ರ ಇದು ಅನ್ವಯ. ಉಳಿದುಕೊಳ್ಳಲು ಕೋಣೆ ಕಾದಿರಿಸಿದ್ದರೆ ಆ ಖರ್ಚು ನಮ್ಮಿಂದ ಆಗುವುದಿಲ್ಲ. ಇದನ್ನು ಮುಚ್ಚುಮರೆ ಇಲ್ಲದೆ ಹೇಳುವುದೇ ಒಳ್ಳೆಯದು ಅನ್ನಿಸಿತು.

ದಬ್ಬಣ, ಸೂಜಿ, ಉಕ್ಕಿನ ಸ್ಕೇಲ್ ತನ್ನಿ ಅಂತ ನಾವೇ ಪಟ್ಟಿ ಕಳಿಸಿದ್ದೆವು. ಅವನ್ನು ಕೊಂಡವರು ಇಟ್ಟುಕೊಳ್ಳಿ, ಕೆಡುವ ಸಾಮಾನಲ್ಲ. ಬೇಡ ಅನ್ನುವವರು ಬಿಲ್ ಸಮೇತ ಕಚೇರಿಗೆ ತಂದರೆ ಕೊಂಡ ಬೆಲೆಗೇ ನಾವು ತೆಗೆದುಕೊಳ್ಳುತ್ತೇವೆ. ನವೆಂಬರ್ 28ರವರೆಗೆ ಸಮಯ ಇದೆ.

ಮುಂದಿನ ಸಲ?

ಮತ್ತೆ ನಡೆಸಬೇಕು ಅಂತ ಆಸೆ ಇದೆ. ತಾರೀಖು ಗೊತ್ತಾಗಿಲ್ಲ. ಕಲಿಸುವವರ ಬಿಡುವು, ಹಾಲ್ ಎರಡೂ ಕೂಡಿಬರಬೇಕು. "ನನ್ನ ಹಣ ಮುಂದಿನ ಸಲಕ್ಕೆ ನಿಮ್ಮ ಹತ್ತಿರವೇ ಇರಲಿ" ಅಂತ ಇಬ್ಬರು ಹೇಳಿದಿರಿ. ನಿಮ್ಮ ನಂಬಿಕೆ ದೊಡ್ಡದು. ಆದರೆ ತಾರೀಖೇ ಇಲ್ಲದ ಕಾರ್ಯಕ್ರಮಕ್ಕೆ ಹಣ ಹಿಡಿದಿಡುವುದು ನಮಗೆ ಬೇಡ. ವಾಪಸ್ ತೆಗೆದುಕೊಳ್ಳಿ. ನಿಮ್ಮ ಏಳೂ ಜನರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟಿದ್ದೇವೆ. ಮುಂದೆ ತಾರೀಖು ಗೊತ್ತಾದರೆ ಹೊರಗೆ ಪ್ರಕಟಿಸುವ ಒಂದು ವಾರ ಮೊದಲು ನಿಮಗೆ ತಿಳಿಸುತ್ತೇವೆ, ಈ ಸಲದ ಶುಲ್ಕದಲ್ಲೇ ಸೇರಿಸಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಇರುವುದು ಬೇಡವಾದರೆ ಒಂದು ಸಾಲು ಬರೆದರೆ ತೆಗೆದುಬಿಡುತ್ತೇವೆ.

ಕೊನೆಗೆ, ಹೊಸದಾಗಿ ಬೈಂಡ್ ಮಾಡಿಕೊಳ್ಳಲು ಹಳೆಯ ಪುಸ್ತಕಗಳನ್ನು ಮೊದಲೇ ತಂದುಕೊಟ್ಟಿದ್ದ ಇಬ್ಬರಿಗೆ: ಬೆನ್ನು ಹರಿದ ನಿಘಂಟು ಮತ್ತು ಕೈಬರಹದ ಆ ದಿನಚರಿ, ಎರಡೂ ಕಚೇರಿಯ ಬೀರುವಿನಲ್ಲಿ ಜೋಪಾನವಾಗಿವೆ. ಕಲಿಸುವವರು ಅವನ್ನು ನೋಡಿ, ಯಾವ ಹಾಳೆಗೆ ಎಂಥ ರಿಪೇರಿ ಬೇಕು ಅಂತ ಚೀಟಿ ಬರೆದು ಒಳಗೆ ಇಟ್ಟಿದ್ದಾರೆ. ಬಿಡುವಾದಾಗ ಬಂದು ತೆಗೆದುಕೊಂಡು ಹೋಗಿ. ದಿನಚರಿಗೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ.

ಇತಿ,
ಕಾರ್ಯಾಗಾರದ ಸಂಘಟಕರು