ಬಗ್ಗಿ ಬಾ

(ಓದುವವರಿಗೆ: ಸಾಲು ಅರ್ಧಕ್ಕೆ ನಿಂತಲ್ಲಿ ಅಲ್ಲಿಗೇ ಬಾಯಿ ಮುಚ್ಚಬೇಕು. ಕೆಳಗೆ ಬಿಟ್ಟ ಜಾಗ ನೀರಿನದು. ಯಾರಾದರೂ ಚಪ್ಪಾಳೆ ಹೊಡೆದರೆ ತಡೆಯಿರಿ.)

ಎಲ್ಲಿ ಮನಿ ನಿಮ್ದು?
ಯಾರರ ಕೇಳಿದ್ರ
ಅಪ್ಪ ಅಂತಾನ, ನವನಗರ.
ಅವ್ವ ಅಂತಾಳ, ಸೆಕ್ಟರ್ 46, ನೀರಿನ ಟಾಕಿ ಹಿಂದ.
ಆಯಿ

(ಮೂರು ಉಸಿರು)

ಆಯಿ ಎಲಿಗೆ ಸುಣ್ಣ ಹಚ್ಚಕೋತ ಕುಂದರ್ತಾಳ.

ನಮ್ಮ ಓಣ್ಯಾಗೊಂದು ಬಾಂವಿ.
ಬಾಂವಿ ಮುಂದ ಬೇವಿನ ಗಿಡ.
ಗಿಡದ ಬುಡಕ ಕಟ್ಟಿ.
ಕಟ್ಟಿ ಎದುರಿಗೆ ತಲಿಬಾಗಲ.
ಬಾಗಲದಾಗ ಆಯಿ:
"ಬಗ್ಗಿ ಬಾರೋ, ನೆತ್ತಿ ಬಡದೀತು."

ದೀಪಾವಳಿ ಮುಂದ
ಸಾಹೇಬ್ರು ಬಂದ್ರಂತ,
ಕೆಂಪ ಬಣ್ಣದ ಡಬ್ಬಿ, ಕುಂಚ.
ಗ್ವಾಡಿ ಮ್ಯಾಲ ನಂಬರ ಬರೀಲಿಕ್ಕೆ.
"ಸುಣ್ಣ ಇನ್ನಾ ಹಸಿ ಐತ್ರೀ ಯಪ್ಪಾ,
ಒಂದ ದಿನಾ ತಡೀರಿ."

ತಡೀರಿ.

ಆಲಮಟ್ಟ್ಯಾಗ ಹೊಳೀನ ತಡದ್ರು.
ಕೃಷ್ಣಾನ ತಡದ್ರು.
ಘಟಪ್ರಭಾ ಹಿಂದಕ ಸರದು ಊರಾಗ ಬರೂವಂಗ ತಡದ್ರು.
ಒಂದ ಗ್ವಾಡಿ ಸುಣ್ಣ ಒಣಗೂತನಕ
ತಡೀಲಿಲ್ಲ.

ನೀರಿನ ಮಟ್ಟ 519.60 ಮೀಟರ್ ಅಂತ ಅವರ ಕಾಗದದಾಗ.
ಆಯಿ ಲೆಕ್ಕ ಬ್ಯಾರೆ.
ಇವತ್ತ ಎರಡ ಮೆಟ್ಟಲಾ.
ನಾಳೆ ಕಟ್ಟಿ.
ನಾಡದ

(ಎರಡು ಉಸಿರು)

ನಮ್ಮ ಓಣ್ಯಾಗೊಂದು

ಬಾಂವಿ ಮುಂದ ಬೇವಿನ

ಗಿಡದ

ಕಟ್ಟಿ ಎದುರಿಗೆ



ಬಾಗಲದಾಗ ಆಯಿ.

ಸುಳ್ಳ ಯಾಕ ಹೇಳ್ಲಿ,
ವಿಜಯಪುರದ ಕಡೆ ಕಾಲುವಿ ಹೋಗೇತಿ.
ನಮ್ಮ ಅತ್ತಿ ಹೊಲಾನೂ ಅಲ್ಲೇ ಐತಿ.
ವರ್ಷಾ ಒಂದ ಬುಟ್ಟಿ ದ್ರಾಕ್ಷಿ ಕಳಸ್ತಾಳ.
ತಿಂತೀವಿ.
ಆಯಿನೂ ತಿಂತಾಳ.
ಸೀ ಅದಾವ.

(ಒಂದು ಉಸಿರು. ನಗಬಾರದು.)

ಈಗ 524 ಅಂತಾರ.
524.256.
ಪಾಯಿಂಟ್ ಆದಮ್ಯಾಲ ಮೂರ ಅಂಕಿ ನೋಡ್ರಿ,
ಕೂದಲೆಳಿ ಲೆಕ್ಕಾನೂ ಬಿಟ್ಟಿಲ್ಲ.
ಎಲ್ಲಿ ಮನಿ ನಿಮ್ದು ಅಂತ
ಇನ್ನೂ ಎಷ್ಟ ಮಂದೀನ ಕೇಳಬೇಕೋ.

ಹ್ವಾದ ಬ್ಯಾಸಗಿ ನೀರ ಇಳೀತು.
ಆಯಿ ಅಂದ್ಲು, ನಡಿ.

ಬಾಂವಿ ಇಲ್ಲ.
ಗಿಡ ಇಲ್ಲ.
ಕಟ್ಟಿ ಇಲ್ಲ.
ಬಿರಕ ಬಿಟ್ಟ ಕೆಸರು, ಸತ್ತ ಸಿಂಪಿ, ಯಾರದೋ ಬೀಸೂಕಲ್ಲಿನ ತುಂಡ.
ಆಯಿ ನಡದ್ಲು.
ಬಲಕ್ಕ ಹೊಳ್ಳಿದ್ಲು, ಅಲ್ಲೇನೋ ಮೂಲಿ ಇದ್ದಂಗ.
ನಿಂತ್ಲು.

ಚಪ್ಪಲಿ ಬಿಟ್ಲು.

ಎರಡೂ ಜೋಡಿಸಿ
ಗ್ವಾಡಿ ಕಡೆ ಸರಿಸಿಟ್ಲು.

ಯಾವ ಗ್ವಾಡಿ?

(ಐದು ಉಸಿರು)

ಸೀರಿ ನಿರಿಗಿ ಎತ್ತಿ ಹಿಡದು
ಒಂದ ಹೆಜ್ಜಿ ದಾಟಿದ್ಲು.
ಹೊಳ್ಳಿ ನನ್ನ ನೋಡಿದ್ಲು.

"ಬಗ್ಗಿ ಬಾರೋ,
ನೆತ್ತಿ ಬಡದೀತು."

ಮ್ಯಾಲ ಬರೇ ಮುಗಿಲು.

ನಾ

(ಚಪ್ಪಲಿ ಬಿಡಬೇಕು. ಬಗ್ಗಿ, ಒಳಗೆ ಹೋದಂತೆ ವೇದಿಕೆಯಿಂದ ಹೋಗಬೇಕು. ಚಪ್ಪಲಿ ಅಲ್ಲೇ ಇರಲಿ.)