ಹೊಸ ಟವರ್ ಕೋರಿ ಗ್ರಾಮಸ್ಥರ ಮನವಿ

ದಿನಾಂಕ: 12-01-2026

ಇವರಿಗೆ,
ವ್ಯವಸ್ಥಾಪಕರು, ನೆಟ್‌ವರ್ಕ್ ವಿಭಾಗ,
ಮೊಬೈಲ್ ಕಂಪನಿಯ ಜಿಲ್ಲಾ ಕಚೇರಿ, ಚಿತ್ರದುರ್ಗ

ಇವರಿಂದ,
ಕಣಿವೆ ಮುಂದಲಹಟ್ಟಿ ಗ್ರಾಮಸ್ಥರು,
ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ವಿಷಯ: ನಮ್ಮ ಊರಿಗೆ ಹೊಸ ಟವರ್ ಹಾಕಿಸಿಕೊಡುವ ಬಗ್ಗೆ

ಮಾನ್ಯರೇ,

ನಮ್ಮ ಹಟ್ಟಿಯಲ್ಲಿ 190 ಮನೆಗಳಿವೆ. ಮುಕ್ಕಾಲು ಪಾಲು ಮನೆಗಳಲ್ಲಿ ಇರುವುದು ನಿಮ್ಮ ಕಂಪನಿ ಸಿಮ್ಮೇ. ಕಳೆದ ಜೂನ್‌ನಿಂದ ಈಚೆಗೆ ಮನೆಯೊಳಗೆ ಕೂತು ಒಂದು ಕಾಲ್ ಪೂರ್ತಿ ಮಾತಾಡಿದವರು ಯಾರೂ ಇಲ್ಲ. ಮೊದಲೂ ಅಷ್ಟಕ್ಕಷ್ಟೇ ಇತ್ತು, ಅಂಗಳಕ್ಕೆ ಬಂದರೆ ಸಿಗುತ್ತಿತ್ತು. ಈಗ ಅದೂ ಹೋಯಿತು.

ಊರಿಗೆಲ್ಲ ಸಿಗ್ನಲ್ ಸಿಗುವ ಜಾಗ ಒಂದೇ, ಶಾಲೆ ಹಿಂದಿನ ನೀರಿನ ಟ್ಯಾಂಕ್. ಅದರ ಪಕ್ಕದ ಬೇವಿನ ಮರಕ್ಕೆ ಹುಡುಗರು ಒಂದು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ನೇತುಹಾಕುತ್ತಾರೆ. ಕೆಳಗೆ ಕೂತು ಅದರ ಹಾಟ್‌ಸ್ಪಾಟ್ ಹಿಡಿದು ಕಾಲೇಜಿನ ಅರ್ಜಿ ತುಂಬುತ್ತಾರೆ. ಗಾಳಿ ಜೋರಾದರೆ ಕೊಂಬೆಯ ಜೊತೆ ನೆಟ್ಟೂ ಅಲ್ಲಾಡುತ್ತದೆ. ರೇಷನ್ ದಿನ ಅಂಗಡಿಯವರು ಹೆಬ್ಬೆಟ್ಟಿನ ಮಿಷನ್ ಹೊತ್ತುಕೊಂಡು ಅಲ್ಲಿಗೇ ಬರುತ್ತಾರೆ. ಮುದುಕರು, ಮುದುಕಿಯರು ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ. ಸಂಜೆ ಯಾರಾದರೂ ಟ್ಯಾಂಕ್ ಹತ್ತಿರ ಹೋದರೆ ಟಿಂಗ್ ಟಿಂಗ್ ಅಂತ ಹತ್ತು ಹದಿನೈದು ಮಿಸ್ಡ್ ಕಾಲ್ ಮೆಸೇಜುಗಳು ಒಟ್ಟಿಗೇ ಬೀಳುತ್ತವೆ. ಬ್ಯಾಂಕಿನ ಒಟಿಪಿಯೂ ಆಗಲೇ ಬರುವುದು, ಅದರ ಹೊತ್ತು ಮುಗಿದ ಮೇಲೆ.

ಹೆಚ್ಚು ಪೆಟ್ಟು ಬಿದ್ದಿರುವುದು ತೋಟದವರಿಗೆ. ಬೋರ್‌ವೆಲ್ ಸ್ಟಾರ್ಟರಿಗೆ ಸಿಮ್ ಹಾಕಿಸಿಕೊಂಡವರು ನಮ್ಮಲ್ಲಿ ಜಾಸ್ತಿ. ಮನೆಯಿಂದಲೇ ಕಾಲ್ ಮಾಡಿದರೆ ಮೋಟರ್ ಆನ್ ಆಗಬೇಕು. ಈಗ ಕಾಲ್ ಹೋಗುವುದೇ ಇಲ್ಲ. ತ್ರೀ ಫೇಸ್ ಕೊಡುವುದು ಬಹುಪಾಲು ರಾತ್ರಿ. ಅಡಿಕೆಗೆ ನೀರು ಬಿಡಲು ಗುಡ್ಡದ ಅಂಚಿಗೆ ಬ್ಯಾಟರಿ ಹಿಡಿದು ನಡೆದೇ ಹೋಗಬೇಕು. ನಮ್ಮ ಗುಡ್ಡದಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಏನಾದರೂ ಆದರೆ ಕೂಗಬೇಕೇ ಹೊರತು ಫೋನ್ ಮಾಡುವ ಹಾಗಿಲ್ಲ.

ದಸರಾ ಸಮಯದಲ್ಲಿ ನಮ್ಮ ಊರಿನ ಹೆಣ್ಣುಮಗಳೊಬ್ಬಳಿಗೆ ರಾತ್ರಿ ಹೆರಿಗೆ ನೋವು ಬಂತು. 108ಕ್ಕೆ ಎಷ್ಟು ಒತ್ತಿದರೂ ಕಾಲ್ ಹೋಗಲಿಲ್ಲ. ಅವಳ ತಮ್ಮ ಬೈಕಿನಲ್ಲಿ ಕಣಿವೆ ದಾಟಿ ಹೋಗಿ ಫೋನ್ ಮಾಡಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಹೆರಿಗೆ ಮನೆಯಲ್ಲೇ ಆಗಿತ್ತು. ತಾಯಿ, ಮಗು ಚೆನ್ನಾಗಿದ್ದಾರೆ. ಅದಕ್ಕೇ ಇದನ್ನು ಇಷ್ಟು ಸಮಾಧಾನವಾಗಿ ಬರೆಯುತ್ತಿದ್ದೇವೆ.

198ಕ್ಕೆ ನಾವು ಒಂಬತ್ತು ಸಲ ದೂರು ಕೊಟ್ಟಿದ್ದೇವೆ. ಎಲ್ಲದರ ಡಾಕೆಟ್ ನಂಬರ್ ಬರೆದಿಟ್ಟಿದ್ದೇವೆ, ಪಟ್ಟಿ ಇದರ ಜೊತೆಗಿದೆ. ಪ್ರತಿ ಸಲವೂ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜ್ ಬಂತು. ಅದನ್ನು ಓದಿದ್ದೂ ಟ್ಯಾಂಕ್ ಹತ್ತಿರವೇ. ನವೆಂಬರ್‌ನಲ್ಲಿ ನಿಮ್ಮ ಕಡೆಯ ಹುಡುಗ ಒಬ್ಬ ಬಂದಿದ್ದ. ಬಸ್ ನಿಲ್ಲುವ ಕ್ರಾಸಿನಲ್ಲಿ ಫೋನ್ ನೋಡಿ "ನೆಟ್‌ವರ್ಕ್ ಇದೆಯಲ್ಲ" ಎಂದ. ಕ್ರಾಸಿನಲ್ಲಿ ಇದೆ, ನಿಜ. ಅದು ಕಣಿವೆಯ ಆಚೆ. ಊರು ಈಚೆ. ಹಟ್ಟಿಯೊಳಗೆ ಕರೆದುಕೊಂಡು ಬಂದ ಮೇಲೆ ಅವನೇ ಒಪ್ಪಿಕೊಂಡ. ಟವರ್ ಇರುವುದು ಏಳು ಕಿಲೋಮೀಟರ್ ದೂರ, ನಡುವೆ ಗುಡ್ಡ. ಒಂದು ಕಡ್ಡಿ ಕಂಡರೂ ನಮ್ಮ ಫೋನಿನಿಂದ ಹೊರಟದ್ದು ಅಲ್ಲಿಗೆ ಮುಟ್ಟುವುದಿಲ್ಲವಂತೆ. ಆ ಟವರಿನ ಬ್ಯಾಟರಿ ಬೇರೆ ಹೋಗಿದೆಯಂತೆ. ಕರೆಂಟ್ ಹೋದ ಹತ್ತು ನಿಮಿಷಕ್ಕೆ ಟ್ಯಾಂಕ್ ಹತ್ತಿರವೂ ಸತ್ತುಹೋಗುವುದು ಯಾಕೆ ಅಂತ ಆಗ ಗೊತ್ತಾಯಿತು.

ಹಾಗಾಗಿ ಹಳೇ ಟವರ್ ರಿಪೇರಿ ಮಾಡಿದರೆ ಸಾಲದು, ಗುಡ್ಡ ಅಡ್ಡ ಇದ್ದೇ ಇರುತ್ತದೆ. ಗುಡ್ಡದ ಈ ಕಡೆ ಹೊಸ 4ಜಿ ಟವರ್ ಬೇಕು. ಅದು ಆಗುವವರೆಗೆ ಹಳೆಯದಕ್ಕೆ ಬ್ಯಾಟರಿಯನ್ನಾದರೂ ಹಾಕಿಸಿ.

ಜಾಗದ ಚಿಂತೆ ಬೇಡ. ಟ್ಯಾಂಕ್ ಮೇಲ್ಗಡೆಯ ದಿಬ್ಬದಲ್ಲಿ ಖುಷ್ಕಿ ಜಮೀನಿನ ರೈತರೊಬ್ಬರು ಬಾಡಿಗೆಗೆ ಕೊಡಲು ಒಪ್ಪಿದ್ದಾರೆ. ರಸ್ತೆ ಇದೆ, ಟ್ರಾನ್ಸ್‌ಫಾರ್ಮರ್ 200 ಮೀಟರಿನಲ್ಲಿದೆ. ಪಹಣಿ, ಒಪ್ಪಿಗೆ ಪತ್ರ, ಗ್ರಾಮ ಪಂಚಾಯ್ತಿ ನಿರ್ಣಯದ ನಕಲು ಲಗತ್ತಿಸಿದ್ದೇವೆ. ಒಂದು ಮಾತು. "ಟವರ್ ಹಾಕಿಸುತ್ತೇವೆ, ಡೆಪಾಸಿಟ್ ಕಟ್ಟಿ" ಅಂತ ಯಾರೋ ಇದೇ ರೈತರಿಗೆ ಫೋನ್ ಮಾಡಿದ್ದರು. ಮೋಸ ಅಂತ ಗೊತ್ತಾಗಿ ಕಟ್ಟಲಿಲ್ಲ. ನಿಮ್ಮವರು ಬರುವಾಗ ಗುರುತಿನ ಚೀಟಿ, ಕಚೇರಿ ಪತ್ರ ತರಲಿ.

1900ಕ್ಕೆ PORT ಅಂತ ಮೆಸೇಜ್ ಹಾಕುವುದು ನಮಗೂ ಗೊತ್ತು. ಆದರೆ ಬೇರೆ ಕಂಪನಿಯದ್ದೂ ಇಲ್ಲಿ ಸಿಗುವುದಿಲ್ಲ. ಯಾರು ಮೊದಲು ಟವರ್ ನಿಲ್ಲಿಸುತ್ತಾರೋ ಇಡೀ ಊರು ಅವರದೇ ಸಿಮ್ ಹಾಕುತ್ತದೆ, ಅಲ್ವಾ?

30 ದಿನದೊಳಗೆ ನಿಮ್ಮ ಎಂಜಿನಿಯರನ್ನು ಕಳಿಸಿ, ಏನು ಮಾಡುತ್ತೀರಿ ಎಂದು ಬರವಣಿಗೆಯಲ್ಲಿ ತಿಳಿಸಿ. ಉತ್ತರ ಬಾರದಿದ್ದರೆ ನಿಮ್ಮ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯುತ್ತೇವೆ. ಎಂಜಿನಿಯರ್ ಸಂಜೆ ಏಳರ ಮೇಲೆ ಬರಲಿ, ಕ್ರಾಸಿನಲ್ಲಿ ನಿಲ್ಲದೆ ಹಟ್ಟಿಯೊಳಗೇ ಬರಲಿ. ಬರುವ ದಿನವನ್ನು ಪಂಚಾಯ್ತಿ ಕಚೇರಿಗೆ ಪತ್ರದಲ್ಲಿ ತಿಳಿಸಿ. ಫೋನ್ ಮಾಡಿದರೆ ನಮಗೆ ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಕಣಿವೆ ಮುಂದಲಹಟ್ಟಿ ಗ್ರಾಮಸ್ಥರು
(214 ಜನರ ಸಹಿ ಮತ್ತು ಹೆಬ್ಬೆಟ್ಟಿನ ಗುರುತು ಮುಂದಿನ ಪುಟಗಳಲ್ಲಿದೆ)