ಕೊಪ್ಪರಿಗೆ: ನಮ್ಮ ಬ್ಯಾಂಡಿಗೆ ಹೊಸ ಹೆಸರು

ಎಲ್ಲರಿಗೂ ನಮಸ್ಕಾರ. ಎಲ್ಲರ ಕೈಗೂ ಕಬ್ಬಿನ ಹಾಲು ಬಂತಾ? ಹಿಂದಿನ ಸಾಲಿನವರು ಆಗಲೇ ಕುಡಿದು ಮುಗಿಸಿದ ಹಾಗಿದೆ. ಅವರಿಗೆ ಇನ್ನೊಂದು ಲೋಟ ಕೊಡ್ರಪ್ಪಾ, ಕೊನೆಗೆ ಎಲ್ಲರೂ ಎತ್ತಬೇಕು.

ನಾನು ಬೇಸ್ ಗಿಟಾರ್ ನುಡಿಸುವವನು. ನಾನು ನುಡಿಸೋದು ಹೇಗೂ ಯಾರಿಗೂ ಕೇಳಿಸಲ್ಲ, ಮಾತಾದರೂ ಕೇಳಿಸಲಿ ಅಂತ ಈ ಕೆಲಸ ನನಗೆ ಕೊಟ್ಟಿದ್ದಾರೆ.

ಎರಡು ವರ್ಷ ನಾವು 'ಡಾರ್ಕ್ ಥಂಡರ್' ಆಗಿದ್ದೆವು. ಹೋದ ವರ್ಷ ಮೈಸೂರಲ್ಲಿ ಒಂದು ಫೆಸ್ಟ್‌ಗೆ ಹೋದರೆ, ಪಟ್ಟಿಯಲ್ಲಿ ಇನ್ನೊಂದು ಥಂಡರ್, ಇನ್ನೆರಡು ಡಾರ್ಕ್! ನಮ್ಮ ಹೆಸರು ಕೂಗಿದಾಗ ಬೇರೆ ಯಾರೋ ವೇದಿಕೆ ಹತ್ತಿದರು. ಚೆನ್ನಾಗಿಯೇ ನುಡಿಸಿದರು, ಅದೇ ಬೇಜಾರು. ವಾಪಸ್ ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹೆಸರು ಬದಲಿಸೋದು ಅಂತ ತೀರ್ಮಾನವಾಗಿತ್ತು. ಹೊಸದು ಸಿಗೋಕೆ ಮಾತ್ರ ಎಂಟು ತಿಂಗಳು ಹಿಡಿಯಿತು.

ಪಿಂಕ್ ಫ್ಲಾಯ್ಡ್ ಅನ್ನೋ ಹೆಸರು ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅನ್ನೋ ಇಬ್ಬರು ಬ್ಲೂಸ್ ಹಾಡುಗಾರರಿಂದ ಬಂದದ್ದು. ಇದನ್ನು ಎಲ್ಲೋ ಓದಿಕೊಂಡು ಬಂದ ನಮ್ಮ ಗಿಟಾರಿಸ್ಟ್, ನಾವೂ ಇಬ್ಬರು ತಾತಂದಿರ ಹೆಸರು ಸೇರಿಸೋಣ ಅಂದ. 'ಬೋರ ನಂಜ' ಅಂತಾಯಿತು. ಒಂದು ವಾರ ಅದೇ ಹೆಸರಲ್ಲಿ ಇದ್ದೆವು, ದಯವಿಟ್ಟು ಮರೆತುಬಿಡಿ.

ಈ ನಡುವೆ ನಮಗೆ ಪ್ರಾಕ್ಟೀಸಿಗೆ ಜಾಗವೇ ಇರಲಿಲ್ಲ. ಮನೆಯಲ್ಲಿ ಬಾರಿಸಿದರೆ ಪಕ್ಕದ ಮನೆಯವರು ಬರುತ್ತಿದ್ದರು, ಹಾಸ್ಟೆಲಲ್ಲಿ ವಾರ್ಡನ್. ಆಗ ನೆನಪಾಗಿದ್ದು ಪಾಂಡವಪುರದ ಕಡೆ ಇರುವ ನಮ್ಮ ತಾತನ ಆಲೆಮನೆ. ಕೂಲಿಯಾಳು ಸಿಗಲ್ಲ, ಬೆಲ್ಲಕ್ಕೆ ರೇಟಿಲ್ಲ ಅಂತ ತಾತ ಗಾಣ ನಿಲ್ಲಿಸಿ ಮೂರು ವರ್ಷವಾಗಿತ್ತು. ಸುತ್ತ ಬರೀ ಕಬ್ಬಿನ ಗದ್ದೆ. ಕಬ್ಬು ಕಂಪ್ಲೇಂಟ್ ಕೊಡಲ್ಲ, ಅಲ್ವಾ?

ಒಂದು ಭಾನುವಾರ ಹಾಡಿನ ಮಧ್ಯೆ ಕರೆಂಟ್ ಹೋಯಿತು. ಆಂಪ್ ಸತ್ತವು, ಗಿಟಾರು ಮೂಕ. ನಮ್ಮ ಡ್ರಮ್ಮರ್ ಮಾತ್ರ ನಿಲ್ಲಿಸಲಿಲ್ಲ. ಎದ್ದುಹೋಗಿ, ಗೋಡೆಗೆ ಒರಗಿಸಿದ್ದ ಕೊಪ್ಪರಿಗೆಗೆ ಎರಡೇಟು ಕೊಟ್ಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಬ್ಬಿಣದ ಬಾಣಲೆ ಅದು. ನಮ್ಮದು ಆರು ಅಡಿ ಅಗಲ. ಅಂಚಿಗೆ ಹೊಡೆದರೆ ಗಂಟೆ, ನಡುವೆ ಹೊಡೆದರೆ ಎದೆಯೊಳಗೇ ಗುಡುಗು. 'ಥಂಡರ್' ಅಂತ ಎರಡು ವರ್ಷ ಹುಡುಕಿದ್ದು ಅಲ್ಲೇ ಗೋಡೆಗೆ ಒರಗಿಕೊಂಡು ನಿಂತಿತ್ತು.

ಅಷ್ಟರಲ್ಲಿ ತಾತ ದೊಣ್ಣೆ ಹಿಡಿದು ಓಡಿಬಂದರು. ಯಾರೋ ಗುಜರಿಗೆ ಹೊತ್ತುಕೊಂಡು ಹೋಗುತ್ತಿದ್ದಾರೆ ಅಂದುಕೊಂಡಿದ್ದರು. ನಮ್ಮನ್ನು ನೋಡಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹಂಗಲ್ಲ ಕಣ್ಲಾ" ಅಂದರು. ಬೆಳಗಿನ ಜಾವ ಒಲೆಗೆ ಉರಿ ಹಾಕುವವನು ತೂಕಡಿಸಿದರೆ ಅವನನ್ನು ಎಬ್ಬಿಸಲು ಒಂದು ಏಟು ಹಾಕುತ್ತಿದ್ದರಂತೆ. ಅದನ್ನು ದೊಣ್ಣೆಯಲ್ಲೇ ಬಾರಿಸಿ ತೋರಿಸಿದರು. ನಮ್ಮ ಮೊದಲ ಹಾಡು ಶುರುವಾಗೋದು ಆ ಏಟಿನಿಂದಲೇ.

ಆಮೇಲೆ ಕತ್ತಲಲ್ಲಿ ಕೂತು ಅವರು ಬೆಲ್ಲದ ಕೆಲಸ ಹೇಳಿದರು. ಹಾಲು ಕಾಯುತ್ತಿದ್ದ ಹಾಗೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಸುಣ್ಣ ಹಾಕಿ, ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿ, ಅದನ್ನು ತೆಗೆಯುತ್ತಲೇ ಇರಬೇಕು. ಪಾಕ ಬಂತಾ ಅಂತ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ನೋಡಬೇಕು. ಬೇಗ ಇಳಿಸಿದರೆ ಅಚ್ಚಲ್ಲಿ ಕೂರಲ್ಲ, ತಡವಾದರೆ ಸೀದುಹೋಗುತ್ತದೆ. ನಾವು ಬರೆದ ಹದಿನಾಲ್ಕು ಹಾಡಲ್ಲಿ ಇವತ್ತು ನುಡಿಸೋದು ಐದು. ಉಳಿದದ್ದು ನೊರೆ.

ಹೆಸರು ಒಮ್ಮತದಿಂದ ಬರಲಿಲ್ಲ, ಸುಳ್ಳು ಹೇಳಲ್ಲ. ಪಾತ್ರೆ ಅಂಗಡಿ ಅಂದ್ಕೋತಾರೆ ಅಂತ ನಮ್ಮ ಹಾಡುಗಾರ್ತಿ ಮೂರು ದಿನ ಮಾತು ಬಿಟ್ಟಿದ್ದಳು. ಅವಳ ಅಜ್ಜಿ ಮಾತ್ರ ಈ ಹೆಸರು ಕೇಳಿದ ತಕ್ಷಣ, "ನಿಧಿ ಸಿಕ್ತಾ ಮಗಾ?" ಅಂದರಂತೆ. ಕಥೆಗಳಲ್ಲಿ ಹೊನ್ನು ಹೂತಿಡೋದು ಕೊಪ್ಪರಿಗೆಯಲ್ಲೇ ತಾನೇ? ಅಲ್ಲಿಗೆ ಅವಳೂ ಒಪ್ಪಿದಳು. ಹಾಗೆ ನೋಡಿದರೆ, ಕನ್ನಂಬಾಡಿ ಕಟ್ಟೆ ನೀರು ನಾಲೆಗೆ ಬಂದು, 1933ರಲ್ಲಿ ಸಕ್ಕರೆ ಕಂಪನಿ ಶುರುವಾದ ಊರು ಇದು. ಮಂಡ್ಯದ ಬ್ಯಾಂಡಿಗೆ ಇನ್ಯಾವ ಹೆಸರು ಬೇಕಿತ್ತು?

ನನ್ನ ಹಿಂದೆ ಬಟ್ಟೆ ಮುಚ್ಚಿರೋದು ಸ್ಪೀಕರ್ ಅಲ್ಲ. ಬೆಳಿಗ್ಗೆ ಟ್ರ್ಯಾಕ್ಟರಲ್ಲಿ ಬಂತು, ಇಳಿಸೋಕೆ ಆರು ಜನ ಬೇಕಾಯಿತು. ಅದರ ಯಜಮಾನರು ಮೂರನೇ ಸಾಲಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತಿದ್ದಾರೆ. ತಾತಾ, ಮೇಲೆ ಬನ್ನಿ. ಮೊದಲ ಏಟು ನಿಮ್ಮದೇ.

ಎಲ್ಲರೂ ಲೋಟ ಎತ್ತಿ. ನಾನು ಮೂರು ಎಣಿಸಿದ ಮೇಲೆ ಹೆಸರು ಕೂಗಬೇಕು, ಅದರ ಮೇಲೆ ತಾತ ಬಾರಿಸುತ್ತಾರೆ. ಒಂದು, ಎರಡು, ಮೂರು...

ಕೊಪ್ಪರಿಗೆ!